ಊರಲ್ಲಿದ್ದ ತಿಂಗಳಿಗೂ ಮೆಸ್ ಬಿಲ್: ರಿಬೇಟ್ ಲೆಕ್ಕ ಹಾಕುವುದು, ಅರ್ಜಿ ಹಾಕುವುದು, ಹಣ ಬರುವವರೆಗೆ ಬೆನ್ನು ಹತ್ತುವುದು

ಇಂಟರ್ನ್‌ಶಿಪ್ಪಿಗೆಂದು ಎರಡೂವರೆ ತಿಂಗಳು ಹುಬ್ಬಳ್ಳಿಯಲ್ಲಿದ್ದು ಬೆಂಗಳೂರಿಗೆ ವಾಪಸ್ ಬಂದರೆ, ಹಾಸ್ಟೆಲ್ ಆಫೀಸಿನಲ್ಲಿ ಮೂರು ತಿಂಗಳ ಮೆಸ್ ಬಿಲ್ ಪೂರ್ತಿ ಕಾಯುತ್ತಿರುತ್ತದೆ. ಒಂದು ತುತ್ತು ತಿಂದಿಲ್ಲ, ಕಟ್ಟುವುದು ಮಾತ್ರ ಅಷ್ಟೂ. ಸಿಟ್ಟಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕೌಂಟರಿಗೆ ಹೋಗಿ ‘ಮೂರು ತಿಂಗಳದ್ದು ವಾಪಸ್ ಕೊಡಿ ಸರ್’ ಎಂದು ಬಾಯಲ್ಲಿ ಕೇಳುವುದು. ‘ಹಾಗೆಲ್ಲ ರೂಲ್ಸ್ ಇಲ್ಲಮ್ಮ’ ಎಂಬ ಉತ್ತರ ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಹಾಸ್ಟೆಲಿನಲ್ಲಿ ಇಲ್ಲದ ದಿನಗಳ ಹಣವನ್ನು ಬಿಲ್ಲಿನಲ್ಲಿ ಕಳೆಯುವ, ಅಂದರೆ ರಿಬೇಟ್ ಕೊಡುವ ರೂಲ್ಸ್ ಬಹಳ ಕಡೆ ಇರುತ್ತವೆ. ಆದರೆ ಅವು ಪೂರ್ತಿ ತಿಂಗಳ ಹಣವನ್ನು ಎಂದೂ ಕೊಡುವುದಿಲ್ಲ. ಹೆಚ್ಚು ಕೇಳಿದ ಅರ್ಜಿಯನ್ನು ಹೆಚ್ಚು ಕೇಳಿದ್ದಕ್ಕೇ ತಳ್ಳಿಹಾಕುವುದು ಆಫೀಸಿಗೆ ಸುಲಭ. ರೂಪಾಯಿ ರೂಪಾಯಿಗೆ ಲೆಕ್ಕ ತೋರಿಸಿದ ಅರ್ಜಿಯನ್ನು ತಳ್ಳಬೇಕಾದರೆ ಕಾರಣ ಬರೆಯಬೇಕಾಗುತ್ತದೆ. ಇಲ್ಲಿ ಹೇಳುವುದೆಲ್ಲ ಅಂಥ ಅರ್ಜಿ ಮಾಡುವ ಬಗೆ.

ಮೊದಲು ತಿಳಿಯಬೇಕಾದ್ದು: ನಿಮ್ಮ ರಿಬೇಟ್ ಯಾರ ಜೇಬಿನಿಂದ ಬರುತ್ತದೆ

ಬೆಂಗಳೂರಿನ ಕಾಲೇಜು ಹಾಸ್ಟೆಲುಗಳ ಮೆಸ್ ಸಾಮಾನ್ಯವಾಗಿ ಮೂರು ಬಗೆಯಲ್ಲಿ ನಡೆಯುತ್ತದೆ. ನಿಮ್ಮದು ಯಾವುದು ಎಂದು ಗೊತ್ತಾಗದೆ ಅರ್ಜಿ ಬರೆಯಬೇಡಿ, ಏಕೆಂದರೆ ವಾದವೇ ಬದಲಾಗುತ್ತದೆ.

ಹಳೆಯ ಸರ್ಕಾರಿ ಕಾಲೇಜು ಮತ್ತು ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಕಾಣುವುದು ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದವರ ಒಟ್ಟು ದಿನಗಳಿಂದ ಭಾಗಿಸಿ ದಿನದ ದರ ತೆಗೆಯುತ್ತಾರೆ. ಇದರ ಒಳಗುಟ್ಟು ಒಂದು ಉದಾಹರಣೆಯಲ್ಲಿ ನೋಡಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. 300 ವಿದ್ಯಾರ್ಥಿಗಳ ಮೆಸ್ಸು, 30 ದಿನದ ತಿಂಗಳು ಎಂದಿಟ್ಟುಕೊಳ್ಳಿ. ಒಟ್ಟು 9,000 ಊಟದ ದಿನಗಳು. ದಿನಸಿ, ತರಕಾರಿ, ಹಾಲಿಗೆ ₹7,20,000, ಅಡುಗೆಯವರ ಸಂಬಳ, ಪಾತ್ರೆ ತೊಳೆಯುವವರ ಕೂಲಿ ಇತ್ಯಾದಿಗೆ ₹1,80,000. ಒಟ್ಟು 9 ಲಕ್ಷ, ದಿನಕ್ಕೆ ₹100.

ಈಗ 30 ಮಂದಿ ಇಡೀ ತಿಂಗಳು ಊರಿಗೆ ಹೋದರು ಎನ್ನಿ. ಊಟದ ದಿನಗಳು 8,100ಕ್ಕೆ ಇಳಿದವು. ಅವರು ಮೊದಲೇ ತಿಳಿಸಿದ್ದರೆ ಅಷ್ಟು ಅಕ್ಕಿ ಬೇಳೆ ಕಡಿಮೆ ತರಿಸಬಹುದಿತ್ತು, ದಿನಸಿ ಖರ್ಚು ₹6,48,000ಕ್ಕೆ ಇಳಿಯುತ್ತಿತ್ತು. ಅಡುಗೆಯವರ ಸಂಬಳ ಮಾತ್ರ ಹಾಗೇ ಇರುತ್ತದೆ. ಆಗ ಉಳಿದವರ ದರ ಸುಮಾರು ₹102. ಹೇಳದೆ ಹೋಗಿದ್ದರೆ 300 ಜನಕ್ಕೇ ಅನ್ನ ಬೆಂದಿರುತ್ತದೆ, ಖರ್ಚು 9 ಲಕ್ಷವೇ ಆಗಿರುತ್ತದೆ, ಉಳಿದ 270 ಜನರ ದರ ದಿನಕ್ಕೆ ₹111 ಆಗುತ್ತದೆ.

ಅಂದರೆ ಡಿವೈಡಿಂಗ್ ಮೆಸ್ಸಿನಲ್ಲಿ ನಿಮ್ಮ ರಿಬೇಟನ್ನು ಕೊಡುವುದು ಕಾಲೇಜಲ್ಲ, ಪಕ್ಕದ ರೂಮಿನವರು. ಮೊದಲೇ ತಿಳಿಸಬೇಕು ಎಂಬ ನಿಯಮ, ಸಂಬಳದ ಪಾಲು ವಾಪಸ್ ಇಲ್ಲ ಎಂಬ ನಿಯಮ, ಎರಡೂ ಹುಟ್ಟಿದ್ದು ಇಲ್ಲಿಂದಲೇ. ವಾರ್ಡನ್ ಕಿರಿಕ್ ಮಾಡುತ್ತಾರೆ ಎನಿಸಿದಾಗ ಈ ಒಂಬತ್ತು ರೂಪಾಯಿಯ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ.

ಎರಡನೆಯದು ಕಾಂಟ್ರ್ಯಾಕ್ಟ್ ಮೆಸ್. ಹೊರಗಿನ ಕೇಟರಿಂಗ್‌ನವರಿಗೆ ತಲೆಗೆ ದಿನಕ್ಕೆ ಇಷ್ಟು ಎಂದು ಕೊಟ್ಟಿರುತ್ತಾರೆ. ಒಪ್ಪಂದದಲ್ಲಿ ಬಹಳ ಸಲ ಕನಿಷ್ಠ ಸಂಖ್ಯೆಯ ಷರತ್ತೂ ಇರುತ್ತದೆ: ಎಷ್ಟೇ ಜನ ಉಂಡರೂ ಇಂತಿಷ್ಟು ತಲೆಗೆ ಬಿಲ್ ಕೊಡಲೇಬೇಕು ಎಂದು. ಊಟದವರ ಸಂಖ್ಯೆ ಆ ಕನಿಷ್ಠಕ್ಕಿಂತ ಮೇಲಿದ್ದರೆ, ನೀವು ರಜೆ ಹಾಕಿದ ದಿನ ಕಾಲೇಜು ಕೇಟರರಿಗೆ ನಿಮ್ಮ ಪಾಲು ಕೊಡಬೇಕಾಗಿಯೇ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ತಿಂಗಳು ಕೇಟರರಿಗೆ ಎಷ್ಟು ತಲೆಗೆ ಹಣ ಪಾವತಿಯಾಗಿದೆ? ನಿಮ್ಮನ್ನು ಬಿಟ್ಟು ಲೆಕ್ಕ ಹಾಕಿದ್ದರೆ, ನೀವು ಕಟ್ಟಿದ್ದು ಕಾಲೇಜಿನಲ್ಲೇ ಉಳಿದಿದೆ ಎಂದರ್ಥ. ರಿಬೇಟ್ ಕೇಳಲು ಇದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ.

ಮೂರನೆಯದು ಖಾಸಗಿ ಕಾಲೇಜುಗಳ ವಾರ್ಷಿಕ ಪ್ಯಾಕೇಜ್. ರೂಮು, ಊಟ, ಲಾಂಡ್ರಿ ಎಲ್ಲ ಸೇರಿಸಿ ವರ್ಷಕ್ಕೆ ಒಂದೇ ಮೊತ್ತ. ಇಲ್ಲಿ ಊಟದ ಪಾಲು ಎಷ್ಟು ಎಂದೇ ಕಾಣುವುದಿಲ್ಲ, ಕಾಣದಂತೆ ಇಟ್ಟಿರುವುದೂ ಸುಮ್ಮನಲ್ಲ. ಅಡ್ಮಿಷನ್ ವೇಳೆ ಸಹಿ ಹಾಕಿದ ಹಾಳೆಯಲ್ಲಿ ‘ಯಾವ ಕಾರಣಕ್ಕೂ ಹಣ ಹಿಂತಿರುಗಿಸುವುದಿಲ್ಲ’ ಎಂದಿದ್ದರೆ ಹಿಂದಿನ ತಿಂಗಳುಗಳಿಗೆ ರಿಬೇಟ್ ಪಡೆಯುವುದು ಕಷ್ಟ. ಮುಂದಿನ ಸೆಮಿಸ್ಟರ್ ಪೂರ್ತಿ ಹೊರಗಿರುವುದು ಗೊತ್ತಿದ್ದರೆ ರಿಬೇಟ್ ಬಿಟ್ಟು, ಹೋಗುವ ಮೊದಲೇ ಸೀಟು ಬಿಟ್ಟುಕೊಡುವ ಅಥವಾ ಊಟವಿಲ್ಲದ ದರಕ್ಕೆ ಬದಲಿಸುವ ಮಾತು ಆಡುವುದು ಮೇಲು.

ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳ ಮಾತು ಬೇರೆ. ಅಲ್ಲಿ ಊಟ ಉಚಿತ. ಯಾರಾದರೂ ಮೆಸ್ ಫೀ ಎಂದು ವಸೂಲಿ ಮಾಡಿದರೆ ಅದು ರಿಬೇಟಿನ ವಿಷಯವಲ್ಲ, ಜಿಲ್ಲಾ ಅಧಿಕಾರಿಗೆ ಬರೆಯಬೇಕಾದ ದೂರು.

ಬಿಲ್ಲನ್ನು ಬಿಡಿಸಿ ನೋಡಿ

ಹಾಸ್ಟೆಲ್ ರಸೀದಿಯಲ್ಲಿ ಮೂರು ಬೇರೆ ಬೇರೆ ಹಣ ಕಲೆತಿರುತ್ತದೆ. ರೂಮಿನ ಬಾಡಿಗೆ ಒಂದು. ನೀವಿಲ್ಲದಾಗಲೂ ಮಂಚ ನಿಮ್ಮ ಹೆಸರಿನಲ್ಲೇ ಇತ್ತು, ಬೇರೆಯವರಿಗೆ ಕೊಟ್ಟಿರಲಿಲ್ಲ, ಹಾಗಾಗಿ ಇದು ವಾಪಸ್ ಬರುವುದಿಲ್ಲ. ಅರ್ಜಿಯಲ್ಲಿ ಇದರ ಪ್ರಸ್ತಾಪವನ್ನೇ ಮಾಡಬೇಡಿ. ಎರಡನೆಯದು ಎಸ್ಟಾಬ್ಲಿಷ್‌ಮೆಂಟ್ ಚಾರ್ಜ್, ಅಂದರೆ ಅಡುಗೆಯವರ ಸಂಬಳ, ನಿರ್ವಹಣೆ. ಮೂರನೆಯದು ಊಟದ ಖರ್ಚು. ರಿಬೇಟ್ ಎಂದರೆ ಸಾಮಾನ್ಯವಾಗಿ ಈ ಮೂರನೆಯದು ಮಾತ್ರ.

ರಸೀದಿಯಲ್ಲಿ ಎರಡೂ ಸೇರಿ ‘ಮೆಸ್ ₹4,500’ ಎಂದಷ್ಟೇ ಇದ್ದರೆ ಮೆಸ್ ಮ್ಯಾನೇಜರ್ ಅಥವಾ ಕ್ಲರ್ಕ್ ಹತ್ತಿರ ‘ಇದರಲ್ಲಿ ಊಟದ್ದೆಷ್ಟು, ಎಸ್ಟಾಬ್ಲಿಷ್‌ಮೆಂಟ್ ಎಷ್ಟು’ ಎಂದು ಒಂದು ಸಾಲಿನ ಮೇಲ್ ಹಾಕಿ ಕೇಳಿ. ಉತ್ತರ ಬರದಿದ್ದರೆ ನೋಟಿಸ್ ಬೋರ್ಡ್ ನೋಡಿ. ಡಿವೈಡಿಂಗ್ ಮೆಸ್ಸಿನಲ್ಲಿ ತಿಂಗಳ ಲೆಕ್ಕವನ್ನು ಅಂಟಿಸುವ ರೂಢಿ ಇದೆ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮೆಸ್ ಸೆಕ್ರೆಟರಿಯಾಗಿರುವ ಸೀನಿಯರ್ ಬಳಿಯೂ ಈ ಲೆಕ್ಕ ಸಿಗಬಹುದು. ಕೇಟರರ್ ನೇರವಾಗಿ ನಿಮಗೇ ಬಿಲ್ ಕೊಡುತ್ತಿದ್ದು ಅದರಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ, ಉಣ್ಣದ ದಿನಗಳ ಜಿಎಸ್‌ಟಿಯನ್ನೂ ಸೇರಿಸಿ ಕೇಳಿ.

ಬಿಲ್ ಕೈಯಲ್ಲಿರುವಾಗಲೇ ಇನ್ನೊಂದು ನೋಡಿ. ದಸರಾ ರಜೆ, ಸೆಮಿಸ್ಟರ್ ರಜೆಯಲ್ಲಿ ಮೆಸ್ಸನ್ನೇ ಮುಚ್ಚಿದ್ದ ದಿನಗಳು ಬಿಲ್ಲಿನಲ್ಲಿ ಸೇರಿವೆಯೇ? ಸೇರಿದ್ದರೆ ಅದು ರಿಬೇಟ್ ಅಲ್ಲ, ಬಿಲ್ಲಿನ ತಪ್ಪು. ಅದಕ್ಕೆ ನೋಟಿಸ್ ಅವಧಿ, ಮಿತಿ ಯಾವುದೂ ಅನ್ವಯಿಸುವುದಿಲ್ಲ. ಬೇರೆಯೇ ಪತ್ರದಲ್ಲಿ, ಮೆಸ್ ಮುಚ್ಚಿದ ಸುತ್ತೋಲೆಯನ್ನು ಲಗತ್ತಿಸಿ ತಿದ್ದುಪಡಿ ಕೇಳಿ.

ಹಾಸ್ಟೆಲ್ ನಿಯಮದಲ್ಲಿ ಹುಡುಕಬೇಕಾದ ಸಾಲುಗಳು

ಹ್ಯಾಂಡ್‌ಬುಕ್ಕೋ ಪ್ರಾಸ್ಪೆಕ್ಟಸ್ಸೋ, ಎಲ್ಲಿದ್ದರೂ ರಿಬೇಟ್ ನಿಯಮ ಅರ್ಧ ಪುಟ ಮೀರುವುದಿಲ್ಲ. ಅದರಲ್ಲಿ ಹುಡುಕಬೇಕಾದ್ದು ಇವು: ಸತತವಾಗಿ ಕನಿಷ್ಠ ಎಷ್ಟು ದಿನ ಇಲ್ಲದಿದ್ದರೆ ರಿಬೇಟ್ ಸಿಗುತ್ತದೆ, ಎಷ್ಟು ದಿನ ಮೊದಲು ಬರೆದುಕೊಡಬೇಕು, ಹೋದ ದಿನ ಮತ್ತು ಬಂದ ದಿನ ಲೆಕ್ಕಕ್ಕೆ ಬರುತ್ತವೆಯೇ, ಒಂದು ಸೆಮಿಸ್ಟರಿಗೆ ಗರಿಷ್ಠ ಎಷ್ಟು ದಿನ. ಪ್ರತಿ ಹಾಸ್ಟೆಲಿನಲ್ಲೂ ಅಂಕಿ ಬೇರೆ, ಆದರೆ ಪ್ರಶ್ನೆ ಇವೇ.

ಇವುಗಳಲ್ಲಿ ಜನ ಎಡವುವುದು ‘ಸತತವಾಗಿ’ ಎಂಬ ಪದದಲ್ಲಿ. ನಡುವೆ ಎರಡು ದಿನ ರಿವ್ಯೂಗೋ ಲ್ಯಾಬ್ ಪರೀಕ್ಷೆಗೋ ಬಂದು ಹಾಸ್ಟೆಲಿನಲ್ಲಿ ಉಂಡರೆ ರಜೆ ಅಲ್ಲಿಗೆ ಕಡಿಯುತ್ತದೆ. ನಂತರದ್ದು ಹೊಸ ರಜೆ, ಅದಕ್ಕೆ ಮತ್ತೆ ಬರೆದುಕೊಡಬೇಕು. ಬಹಳ ಮಂದಿ ಮೊದಲ ಅರ್ಜಿಯೇ ಸಾಕು ಎಂದುಕೊಂಡು ಎರಡನೇ ತುಂಡನ್ನು ಪೂರ್ತಿ ಕಳೆದುಕೊಳ್ಳುತ್ತಾರೆ. ನಡುವೆ ಬರುವುದು ಮೊದಲೇ ಗೊತ್ತಿದ್ದರೆ ಎರಡೂ ಅವಧಿಗಳನ್ನು ಒಂದೇ ಅರ್ಜಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಆಸ್ಪತ್ರೆ ಸೇರಿದಾಗ, ಮನೆಯಲ್ಲಿ ಸಾವು ನೋವಾದಾಗ ಮೊದಲೇ ಬರೆದುಕೊಡಲು ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಅಪ್ಪನೋ ಅಣ್ಣನೋ ವಾರ್ಡನ್ನರಿಗೆ ಕಳಿಸಿದ ಒಂದು ವಾಟ್ಸ್ಆ್ಯಪ್ ಮೆಸೇಜ್ ಕೂಡ ಸೂಚನೆಯೇ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ವಾಪಸ್ ಬಂದ ವಾರದೊಳಗೆ ಡಿಸ್ಚಾರ್ಜ್ ಸಮ್ಮರಿಯ ಪ್ರತಿಯೊಂದಿಗೆ ಬರೆದುಕೊಡಿ. ಬರೀ ಔಷಧಿ ಚೀಟಿ ಸಾಲದು. ನೀವು ಎಲ್ಲಿದ್ದಿರಿ ಎಂಬುದನ್ನು ಅದು ಹೇಳುವುದಿಲ್ಲ.

ಹೊರಡುವ ಮೊದಲು ಅರ್ಧ ಗಂಟೆಯ ಕೆಲಸ

ಎರಡು ಪ್ರತಿ ಬರೆದುಕೊಳ್ಳಿ. ಒಂದನ್ನು ಹಾಸ್ಟೆಲ್ ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಮುಂದೆ ‘ಬಂದೇ ಇಲ್ಲ’ ಆಗಿಬಿಡಬಹುದು. ಸೀಲು ಹಾಕಲು ಒಪ್ಪದಿದ್ದರೆ ಅದೇ ಕಾಗದದ ಫೋಟೊವನ್ನು ವಾರ್ಡನ್ನರ ಅಧಿಕೃತ ಮೇಲ್‌ಗೆ ಕಳಿಸಿ, ಮೆಸ್ ಮ್ಯಾನೇಜರಿಗೂ ಒಂದು ಪ್ರತಿ ಹಾಕಿ. ಅಕ್ಕಿ ಅಳೆಯುವವರು ಅವರು, ಆಫೀಸಿನವರಲ್ಲ. ಹಲವು ಕಡೆ ಅರ್ಜಿ ಆಫೀಸಿನ ಫೈಲಿನಲ್ಲಿರುತ್ತದೆ, ಮೆಸ್ಸಿನ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿರುತ್ತದೆ. ಬಿಲ್ ಮಾಡುವುದು ಮೆಸ್ಸಿನ ಪಟ್ಟಿ ನೋಡಿ.

ಹೋಗುವಾಗ ಗೇಟಿನ ಮೂವ್‌ಮೆಂಟ್ ರಿಜಿಸ್ಟರಿನಲ್ಲಿ ಬರೆದು ಆ ಪುಟದ ಫೋಟೊ ತೆಗೆಯಿರಿ. ಮೆಸ್ ಕಾರ್ಡ್ ಇದ್ದರೆ ಒಪ್ಪಿಸಿ ಸಹಿ ಪಡೆಯಿರಿ. ಗೆಳೆಯರ ಕೈಗೆ ಕೊಟ್ಟು ಹೋಗಲೇಬೇಡಿ, ಒಂದೇ ದಿನ ಯಾರೋ ಅದನ್ನು ತೋರಿಸಿ ಉಂಡರೂ ನಿಮ್ಮ ಇಡೀ ರಜೆ ಸುಳ್ಳಾಗುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕೊಡುವ ಟಿಕೆಟ್ ತೆಳು ಕಾಗದದ್ದು, ಪರ್ಸಿನಲ್ಲಿಟ್ಟರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅವತ್ತೇ ಫೋಟೊ ತೆಗೆದಿಡಿ.

ಹೇಳದೆ ಹೋಗಿಬಿಟ್ಟಿದ್ದೀರಾ? ಇವತ್ತೇ ಒಂದು ಮೇಲ್ ಹಾಕಿ. ಕಳೆದ ದಿನಗಳು ಬಹುಶಃ ಹೋದವು, ಆದರೆ ನೋಟಿಸ್ ಅವಧಿ ಮುಗಿದ ಮೇಲಿನ ದಿನಗಳಾದರೂ ಉಳಿಯುತ್ತವೆ.

ಒಂದು ಲೆಕ್ಕ, ಮೊದಲಿನಿಂದ ಕೊನೆಯವರೆಗೆ

ಇದು ಉದಾಹರಣೆಗಾಗಿ ಮಾಡಿಕೊಂಡ ಲೆಕ್ಕ. ಬಿಟಿಎಂ ಲೇಔಟ್ ಕಡೆಯ ಒಂದು ಕಾಲೇಜು ಹಾಸ್ಟೆಲ್ ಎನ್ನಿ. ಮೆಸ್ ತಿಂಗಳಿಗೆ ₹4,500. ಅದರಲ್ಲಿ ಎಸ್ಟಾಬ್ಲಿಷ್‌ಮೆಂಟ್ ₹1,200, ಊಟದ ಪಾಲು ₹3,300, ಅಂದರೆ 30 ದಿನಕ್ಕೆ ಭಾಗಿಸಿದರೆ ದಿನಕ್ಕೆ ₹110. ನಿಯಮ: ಸತತ 7 ದಿನ ಅಥವಾ ಹೆಚ್ಚು ಇಲ್ಲದಿದ್ದರೆ ಊಟದ ಪಾಲಿನಲ್ಲಿ ರಿಬೇಟ್, ಮೂರು ದಿನದ ನೋಟಿಸ್ ಬೇಕು, ಹೋದ ದಿನ ಬಂದ ದಿನ ಲೆಕ್ಕಕ್ಕಿಲ್ಲ, ಸೆಮಿಸ್ಟರಿಗೆ ಗರಿಷ್ಠ 45 ದಿನ.

ಅಂತಿಮ ವರ್ಷದ ವಿದ್ಯಾರ್ಥಿನಿ 2025ರ ಫೆಬ್ರುವರಿ 3, ಸೋಮವಾರ ಬೆಳಿಗ್ಗೆ ತಿಂಡಿ ತಿಂದು ಹುಬ್ಬಳ್ಳಿಗೆ ಹೊರಟಳು. ನಡುವೆ ಮಾರ್ಚ್ 10ರ ಮಧ್ಯಾಹ್ನ ಪ್ರಾಜೆಕ್ಟ್ ರಿವ್ಯೂಗೆ ಬಂದು 12ರ ಸಂಜೆ ಮತ್ತೆ ಹೋದಳು. ಏಪ್ರಿಲ್ 20ರ ಸಂಜೆ ಪೂರ್ತಿ ವಾಪಸ್. ಎರಡೂ ಅವಧಿ ಬರೆದ ಅರ್ಜಿಯನ್ನು ಫೆಬ್ರುವರಿ 2, ಭಾನುವಾರ ಆಫೀಸಿನ ಬಾಗಿಲ ಕೆಳಗೆ ತೂರಿಸಿದ್ದಳು. ಇನ್‌ವರ್ಡ್ ಆದದ್ದು ಸೋಮವಾರ.

ಅವಳ ಮನಸ್ಸಿನ ಲೆಕ್ಕ: ಫೆಬ್ರುವರಿ, ಮಾರ್ಚ್, ಏಪ್ರಿಲ್, ಮೂರು ತಿಂಗಳು, ₹13,500. ಈಗ ನಿಯಮದ ಪ್ರಕಾರ ಎಣಿಸೋಣ.

ಅರ್ಜಿ ದಾಖಲಾದದ್ದು 3ರಂದು. 3, 4, 5 ನೋಟಿಸಿಗೆ ಹೋದವು. ರಿಬೇಟ್ ಶುರುವಾಗುವುದು ಫೆಬ್ರುವರಿ 6ರಿಂದ. ಆ ತಿಂಗಳ ಕೊನೆಯವರೆಗೆ 23 ದಿನ. ಮಾರ್ಚ್ 10 ಬಂದ ದಿನ, ಅದನ್ನು ಬಿಟ್ಟು ಮಾರ್ಚ್ 1ರಿಂದ 9ರವರೆಗೆ 9 ದಿನ. ಮೊದಲ ಅವಧಿ 32 ದಿನ. ಮಾರ್ಚ್ 12 ಹೋದ ದಿನ, ಬಿಡಿ. 13ರಿಂದ 31ರವರೆಗೆ 19 ದಿನ. ಏಪ್ರಿಲ್ 20 ಬಂದ ದಿನ, ಹಾಗಾಗಿ ಏಪ್ರಿಲ್ 1ರಿಂದ 19ರವರೆಗೆ 19 ದಿನ. ಎರಡನೇ ಅವಧಿ 38 ದಿನ. ಎರಡೂ 7 ದಿನಕ್ಕಿಂತ ಹೆಚ್ಚು, ಎರಡೂ ಅರ್ಹ. ಒಟ್ಟು 70 ದಿನ, 70 × ₹110 = ₹7,700.

ಆದರೆ ಗರಿಷ್ಠ ಮಿತಿ 45 ದಿನ. ಆದ್ದರಿಂದ ಕೇಳಿಕೆ ಎರಡು ಭಾಗವಾಗುತ್ತದೆ. 45 ದಿನದ ₹4,950 ನಿಯಮದಂತೆ ಸಿಗಲೇಬೇಕಾದ್ದು. ಉಳಿದ 25 ದಿನದ ₹2,750 ಮಿತಿಗೆ ಹೊರತಾದದ್ದು, ಅದನ್ನು ಹಕ್ಕು ಎಂದು ಕೇಳುವಂತಿಲ್ಲ. ‘ಇಂಟರ್ನ್‌ಶಿಪ್ ಕೋರ್ಸಿನ ಭಾಗ, ವಿಭಾಗದ ಮುಖ್ಯಸ್ಥರೇ ಕಳಿಸಿದ್ದು, ನನ್ನ ಇಚ್ಛೆಯ ರಜೆಯಲ್ಲ’ ಎಂಬ ಕಾರಣ ಕೊಟ್ಟು ಮುಖ್ಯ ವಾರ್ಡನ್ನರ ವಿವೇಚನೆಗೆ ಬಿಡಬೇಕು. ಎರಡನ್ನೂ ಒಂದೇ ಮೊತ್ತವಾಗಿ ₹7,700 ಎಂದು ಕೇಳಿದರೆ ‘ಮಿತಿ ಮೀರಿದೆ’ ಎಂಬ ಷರಾ ಬಿದ್ದು ₹4,950 ಕೂಡ ಅದರ ಜೊತೆಗೇ ನಿಂತುಹೋಗುವ ಸಾಧ್ಯತೆ ಇದೆ. ಬೇರೆ ಮಾಡಿ ಕೇಳಿದರೆ ಮೊದಲ ಭಾಗವನ್ನು ಕ್ಲರ್ಕ್ ಹಂತದಲ್ಲೇ ಪಾಸು ಮಾಡಬಹುದು.

ಅರ್ಜಿಯನ್ನು ಭಾನುವಾರದ ಬದಲು ಹಿಂದಿನ ಶುಕ್ರವಾರ, ಜನವರಿ 31ರಂದು ಕೊಟ್ಟಿದ್ದರೆ ಫೆಬ್ರುವರಿ 4, 5 ಕೂಡ ಸೇರುತ್ತಿದ್ದವು. ಮಿತಿ ಮೀರಿದ ಭಾಗದಲ್ಲಿ ಕೇಳಬಹುದಾಗಿದ್ದ ₹220 ಹೋದದ್ದು ಬಾಗಿಲ ಕೆಳಗೆ ತೂರಿಸಿದ್ದಕ್ಕೆ.

ಅರ್ಜಿ ಹೀಗಿರಲಿ

ಒಂದು ಪುಟ ಮೀರಬಾರದು. ಕಷ್ಟಸುಖದ ವಿವರ ಬೇಡ, ಮನೆಯ ಪರಿಸ್ಥಿತಿಯೂ ಬೇಡ. ಓದುವ ಕ್ಲರ್ಕಿಗೆ ಬೇಕಾದ್ದು ತಾರೀಖು, ದಿನ, ದರ, ಮೊತ್ತ.

> ಇವರಿಗೆ: ಕ್ಷೇಮಪಾಲಕರು, ವಿದ್ಯಾರ್ಥಿನಿಯರ ವಸತಿನಿಲಯ
>
> ವಿಷಯ: ಗೈರುಹಾಜರಿ ಅವಧಿಯ ಮೆಸ್ ರಿಬೇಟ್ ಕೋರಿ (ರೂಮ್ ನಂ., ಯುಎಸ್‌ಎನ್)
>
> ಮಾನ್ಯರೆ,
>
> ಇಂಟರ್ನ್‌ಶಿಪ್ ಪ್ರಯುಕ್ತ ನಾನು ಕೆಳಕಂಡ ಅವಧಿಯಲ್ಲಿ ವಸತಿನಿಲಯದಲ್ಲಿ ಇರಲಿಲ್ಲ. ದಿನಾಂಕ 3-2-2025ರಂದು ಮುಂಗಡ ಸೂಚನೆ ಸಲ್ಲಿಸಿದ್ದೇನೆ (ಇನ್‌ವರ್ಡ್ ನಂ.).
>
> ಅವಧಿ 1: 6-2-2025ರಿಂದ 9-3-2025, 32 ದಿನ
> ಅವಧಿ 2: 13-3-2025ರಿಂದ 19-4-2025, 38 ದಿನ
>
> ವಸತಿನಿಲಯದ ನಿಯಮದಂತೆ 45 ದಿನಕ್ಕೆ, ದಿನಕ್ಕೆ ₹110ರಂತೆ ₹4,950 ರಿಬೇಟ್ ಮಂಜೂರು ಮಾಡಬೇಕಾಗಿ ಕೋರುತ್ತೇನೆ.
>
> ಉಳಿದ 25 ದಿನಗಳ ₹2,750ನ್ನು, ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾಗಿರುವುದರಿಂದ, ವಿಶೇಷ ಪ್ರಕರಣವೆಂದು ಪರಿಗಣಿಸಬೇಕಾಗಿ ಪ್ರತ್ಯೇಕವಾಗಿ ವಿನಂತಿಸುತ್ತೇನೆ.
>
> ಈ ಅವಧಿಯ ಬಿಲ್ಲನ್ನು ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ. ಕೋರಿಕೆ ಒಪ್ಪಿತವಾಗದಿದ್ದಲ್ಲಿ ಅನ್ವಯಿಸಿದ ನಿಯಮವನ್ನು ತಿಳಿಸಿ ಲಿಖಿತ ಹಿಂಬರಹ ನೀಡಬೇಕಾಗಿ ಕೋರಿಕೆ.
>
> ಲಗತ್ತು: ಮುಂಗಡ ಸೂಚನೆಯ ಪ್ರತಿ, ವಿಭಾಗದ ಅನುಮತಿ ಪತ್ರ, ಇಂಟರ್ನ್‌ಶಿಪ್ ಪ್ರಮಾಣಪತ್ರ, ಗೇಟ್ ರಿಜಿಸ್ಟರ್ ಫೋಟೊ, ಫೀ ರಸೀದಿ, ಪಾಸ್‌ಬುಕ್ ಮೊದಲ ಪುಟ

ಇದರಲ್ಲಿ ಎರಡು ಮಾತು ಸುಮ್ಮನೆ ಸೇರಿಸಿದ್ದಲ್ಲ. ‘ಆಕ್ಷೇಪಣೆಗೆ ಒಳಪಟ್ಟು’ ಎಂಬುದು ಬಿಲ್ ಕಟ್ಟಿದ ಮಾತ್ರಕ್ಕೆ ನೀವು ಅದನ್ನು ಒಪ್ಪಿದಂತಾಗಲಿಲ್ಲ ಎಂದು ದಾಖಲಿಸುತ್ತದೆ. ಜಗಳ ಮುಗಿಯುವವರೆಗೆ ಕಟ್ಟುವುದೇ ಇಲ್ಲ ಎಂದು ಹಠ ಹಿಡಿಯಬೇಡಿ. ದಂಡ ಬೀಳುತ್ತದೆ, ನೋ ಡ್ಯೂಸ್ ನಿಲ್ಲುತ್ತದೆ, ₹4,950ರ ಹಿಂದೆ ಹೋಗಿ ಪರೀಕ್ಷೆ ಹೊತ್ತಿನಲ್ಲಿ ಹಾಲ್ ಟಿಕೆಟ್ಟಿಗೆ ಓಡಾಡಬೇಕಾಗುತ್ತದೆ. ಎರಡನೆಯದು ‘ಲಿಖಿತ ಹಿಂಬರಹ’, ಅಂದರೆ ಆಫೀಸು ಕಾಗದದ ಮೇಲೆ ಬರೆದುಕೊಡುವ ಉತ್ತರ. ಮೇಲಿನವರ ಬಳಿ ಹೋಗಲು ನಿಮಗೆ ಬೇಕಾಗುವುದು ಅದೇ ಕಾಗದ.

ಇಂಟರ್ನ್‌ಶಿಪ್ ಪ್ರಮಾಣಪತ್ರದಲ್ಲಿ ತಾರೀಖು ಇರಲಿ, ಮತ್ತು ಕೆಲಸ ಎಲ್ಲಿ ನಡೆಯಿತು ಎಂದೂ ಇರಲಿ. ಕಂಪನಿ ಬೆಂಗಳೂರಿನದ್ದೇ ಆಗಿ, ನೀವು ಅದರ ಬೇರೆ ಊರಿನ ಕಚೇರಿಯಲ್ಲಿ ಅಥವಾ ಮನೆಯಿಂದ ಕೆಲಸ ಮಾಡಿದ್ದರೆ ‘ಇಲ್ಲೇ ಇದ್ದಳಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಕಂಪನಿಯ ಎಚ್‌ಆರ್ ಹತ್ತಿರ ಸ್ಥಳ ನಮೂದಿಸಿದ ಒಂದು ಮೇಲ್ ಕೇಳಿ ಪಡೆಯಿರಿ.

ಉತ್ತರ ಬರದಿದ್ದರೆ

15 ದಿನ ಕಾಯಿರಿ. ನಂತರ ಮೊದಲ ಅರ್ಜಿಯ ಇನ್‌ವರ್ಡ್ ನಂಬರ್ ಉಲ್ಲೇಖಿಸಿ ಎರಡು ಸಾಲಿನ ಜ್ಞಾಪನ ಕೊಡಿ. ಅದಕ್ಕೂ ಮೌನವಾದರೆ ಮುಖ್ಯ ವಾರ್ಡನ್, ಆಮೇಲೆ ಕಾಲೇಜಾದರೆ ಪ್ರಾಂಶುಪಾಲರು, ವಿಶ್ವವಿದ್ಯಾಲಯದ ಹಾಸ್ಟೆಲಾದರೆ ಕುಲಸಚಿವರು. ಒಂದೇ ದಿನ ಎಲ್ಲರಿಗೂ ಪ್ರತಿ ಹಾಕಬೇಡಿ. ಎಲ್ಲರಿಗೂ ಬಂದ ಪತ್ರವನ್ನು ಯಾರೂ ತಮ್ಮದು ಎಂದುಕೊಳ್ಳುವುದಿಲ್ಲ.

ಮುಂದಿನ ಮೆಟ್ಟಿಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಯುಜಿಸಿಯ 2023ರ ನಿಯಮಾವಳಿ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇದು ಇರಲೇಬೇಕು, ದೂರು ಸಲ್ಲಿಸಲು ಆನ್‌ಲೈನ್ ವ್ಯವಸ್ಥೆಯೂ ಇರಬೇಕು. ಸಮಿತಿ ದೂರು ತಲುಪಿದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕೆಂಬುದು ನಿಯಮದ ಆಶಯ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 15 ದಿನದೊಳಗೆ, ಇಂಥ ಮೇಲ್ಮನವಿ ಕೇಳಲೆಂದೇ ನೇಮಕವಾಗುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಈ 15 ದಿನ ತಪ್ಪಿಸಿಕೊಳ್ಳಬೇಡಿ.

ಸಮಿತಿಯ ಮುಂದೆ ‘ಊಟ ಮಾಡಿಲ್ಲ, ಹಣ ಕೊಡಿ’ ಎಂಬುದು ಮಂಕಾದ ವಾದ. ಯುಜಿಸಿ ನಿಯಮದಲ್ಲಿ ಕುಂದುಕೊರತೆ ಎಂದು ಸ್ಪಷ್ಟವಾಗಿ ಹೇಳಿರುವ ವಿಷಯಗಳಲ್ಲಿ ಒಂದು, ಪ್ರಾಸ್ಪೆಕ್ಟಸ್ಸಿನಲ್ಲಿ ತಿಳಿಸಿದ್ದಕ್ಕಿಂತ ಹೆಚ್ಚು ಹಣ ಕೇಳುವುದು. ಹಾಗಾಗಿ ‘ನಿಮ್ಮದೇ ಪುಸ್ತಕದಲ್ಲಿ ಇಂಥ ಪುಟದಲ್ಲಿ ರಿಬೇಟ್ ಇದೆ, ಅದನ್ನು ಕಳೆಯದೆ ಹೆಚ್ಚು ವಸೂಲಾಗಿದೆ’ ಎಂದು ಇಡಿ. ಪುಟದ ಪ್ರತಿ ಲಗತ್ತಿಸಿ. ಪುಸ್ತಕದಲ್ಲಿ ರಿಬೇಟೇ ಇಲ್ಲದಿದ್ದರೆ ಈ ದಾರಿಯಲ್ಲಿ ಹೆಚ್ಚು ಭರವಸೆ ಇಡಬೇಡಿ.

ಸರ್ಕಾರಿ ಕಾಲೇಜು ಅಥವಾ ರಾಜ್ಯ ವಿಶ್ವವಿದ್ಯಾಲಯದ ಹಾಸ್ಟೆಲಾದರೆ ನಿಮ್ಮ ಕೈಯಲ್ಲಿ ಇನ್ನೊಂದು ಉಪಾಯವಿದೆ: ಮಾಹಿತಿ ಹಕ್ಕು ಅರ್ಜಿ. ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಆದ್ದರಿಂದ ಚುಟುಕಾಗಿ ಕೇಳಿ. ‘ರಿಬೇಟ್ ಯಾಕೆ ಕೊಟ್ಟಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ದಾಖಲೆಯಲ್ಲ. ‘2025ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೆಸ್ ಗುತ್ತಿಗೆದಾರರಿಗೆ ಪಾವತಿಸಿದ ಮಾಸಿಕ ಬಿಲ್ಲುಗಳ ಪ್ರತಿ, ಬಿಲ್ ಮಾಡಿದ ವಿದ್ಯಾರ್ಥಿಗಳ ಸಂಖ್ಯೆಯ ಸಹಿತ’ ಎಂದು ಕೇಳಿ. ಹಾಸ್ಟೆಲಿನಲ್ಲಿ 300 ಜನರಿಂದ ಹಣ ಪಡೆದು ಕೇಟರರಿಗೆ 262 ಜನಕ್ಕೆ ಕೊಟ್ಟಿದ್ದು ಕಂಡರೆ, ಸಮಿತಿಯ ಮುಂದೆ ನೀವು ಹೆಚ್ಚು ಮಾತಾಡಬೇಕಾಗಿಯೇ ಇಲ್ಲ. ಅನುದಾನವಿಲ್ಲದ ಖಾಸಗಿ ಕಾಲೇಜಿಗೆ ನೇರವಾಗಿ ಇದು ಸಾಮಾನ್ಯವಾಗಿ ನಡೆಯುವುದಿಲ್ಲ.

ಗ್ರಾಹಕರ ಆಯೋಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಿಕ್ಷಣ ಸಂಸ್ಥೆಗಳ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ತೀರ್ಪುಗಳು ಇರುವುದರಿಂದ ಕಾಲೇಜಿನದ್ದೇ ಹಾಸ್ಟೆಲ್ ಮೇಲೆ ಹೋದರೆ ಮೊದಲ ವಾದವೇ ಆ ವಿಷಯಕ್ಕೆ ಖರ್ಚಾಗುತ್ತದೆ. ಐದು ಸಾವಿರಕ್ಕೆ ಆ ದಾರಿ ಬೇಡ.

ಪಿಜಿಯಾದರೆ ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯ ವ್ಯಾಖ್ಯೆಯಲ್ಲೇ ಊಟ ವಸತಿ ಸೇರಿದೆ. ಮೊದಲು 1915 ಸಹಾಯವಾಣಿಗೆ ದೂರು ದಾಖಲಿಸಿ. ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆದರೆ ಪಿಜಿಯಲ್ಲಿ ಗೆಲ್ಲುವುದು ಹೋಗುವ ಮೊದಲು ಮಾಡಿಕೊಂಡ ಮಾತಿನಿಂದ. ‘ಆಂಟಿ, ಎರಡು ತಿಂಗಳು ಊಟ ಬೇಡ, ಬಾಡಿಗೆಯಲ್ಲಿ ಎಷ್ಟು ಕಡಿಮೆ ಮಾಡ್ತೀರಾ’ ಎಂದು ವಾಟ್ಸ್ಆ್ಯಪ್‌ನಲ್ಲೇ ಕೇಳಿ, ಉತ್ತರವನ್ನೂ ಅಲ್ಲೇ ಪಡೆಯಿರಿ. ಎದುರಿಗೆ ನಿಂತು ‘ಆಯ್ತು ನೋಡೋಣ ಬಾಮ್ಮ’ ಎಂದದ್ದು ಅಡ್ವಾನ್ಸ್ ವಾಪಸ್ ಕೊಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಹಣ ಮಂಜೂರಾದ ಮೇಲೆ

ಮಂಜೂರಾತಿ ಎಂದರೆ ಹಣ ಬಂತು ಎಂದಲ್ಲ. ನೀವು ಇನ್ನೂ ಹಾಸ್ಟೆಲಿನಲ್ಲಿದ್ದರೆ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರೆ. ಆ ಬಿಲ್ಲಿನಲ್ಲಿ ‘ರಿಬೇಟ್’ ಎಂಬ ಸಾಲು ಬೇರೆಯಾಗಿ ಇದೆಯೇ ನೋಡಿ, ಬರೀ ಒಟ್ಟು ಮೊತ್ತ ಕಡಿಮೆ ಕಂಡರೆ ನಂಬಬೇಡಿ. ರಜೆಯ ತಿಂಗಳಲ್ಲಿ ಬಿಲ್ ಹೇಗೂ ಕಡಿಮೆಯೇ ಇರುತ್ತದೆ.

ಕೊನೆಯ ಸೆಮಿಸ್ಟರಿನವರಿಗೆ ಕಾಷನ್ ಡಿಪಾಸಿಟ್ ಜೊತೆಗೆ ಖಾತೆಗೆ ಹಾಕುತ್ತಾರೆ. ನೋ ಡ್ಯೂಸ್ ಫಾರ್ಮಿಗೆ ವಾರ್ಡನ್ ಸಹಿ ಹಾಕುವ ಮೊದಲೇ ‘ರಿಬೇಟ್ ₹4,950 ಬಾಕಿ’ ಎಂದು ಅದರ ಮೇಲೆ ಬರೆಸಿ. ಸಹಿಯಾಗಿ ಹೋದ ಮೇಲೆ ಫೈಲ್ ಮುಚ್ಚುತ್ತದೆ. ಇಲ್ಲಿ ಬ್ಯಾಂಕ್ ವಿವರದಲ್ಲೇ ಅನೇಕರ ಹಣ ಸಿಕ್ಕಿಬೀಳುತ್ತದೆ. ಹೈಸ್ಕೂಲಿನಲ್ಲಿ ತೆರೆದ ಖಾತೆಯ ಹಳೆಯ ಪಾಸ್‌ಬುಕ್ ಕೊಟ್ಟಿರುತ್ತಾರೆ, ಅದು ಸಿಂಡಿಕೇಟ್ ಬ್ಯಾಂಕಿನದ್ದಾಗಿರುತ್ತದೆ. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, `SYNB` ಎಂದು ಶುರುವಾಗುವ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ, `CNRB` ಎಂದು ಶುರುವಾಗುವ ಹೊಸದು ಬೇಕು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಖಾತೆಗಳದ್ದೂ ಇದೇ ಕಥೆ. ತಪ್ಪು ಕೋಡಿಗೆ ಕಳಿಸಿದ ಹಣ ಕಾಲೇಜಿಗೇ ಮರಳುತ್ತದೆ, ಮರಳಿದ್ದನ್ನು ನಿಮಗೆ ಫೋನ್ ಮಾಡಿ ಹೇಳುವವರು ಯಾರೂ ಇರುವುದಿಲ್ಲ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಅದರ ಮೊದಲ ಪುಟವನ್ನೇ ಅರ್ಜಿಗೆ ಲಗತ್ತಿಸಿ.